98 ರೂಪಾಯಿ ಎಂಆರ್‌ಪಿ, 14 ರೂಪಾಯಿ ಸ್ಟ್ರಿಪ್

ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಿಗೆ,

ಮಾನ್ಯರೇ,

ಔಷಧಿ ಬೆಲೆ ನಿಮ್ಮ ಖಾತೆಯ ಕೆಲಸ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ತಂದೆಯವರಿಗೆ ದಿನಾ ಒಂದು ಗ್ಯಾಸ್ಟ್ರಿಕ್ ಮಾತ್ರೆ ಬೇಕು. ಡಾಕ್ಟರು ಬರೆದ ಬ್ರ್ಯಾಂಡಿನ ಸ್ಟ್ರಿಪ್‌ಗೆ 165 ರೂಪಾಯಿ. ಕಳೆದ ತಿಂಗಳು ಡಾಕ್ಟರನ್ನೇ ಕೇಳಿ ಚೀಟಿಯಲ್ಲಿ ಔಷಧಿಯ ಹೆಸರನ್ನಷ್ಟೇ ಬರೆಸಿಕೊಂಡು ಹೋದೆ. ಅಂಗಡಿಯವರು ಜೆನೆರಿಕ್ ಕೊಟ್ಟರು. ಎಂಆರ್‌ಪಿ 98. ಭಾರಿ ಉಳಿತಾಯ ಅಂತ ಖುಷಿಯಾಯಿತು.

ಮನೆಗೆ ಬಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಔಷಧಿಯ ಹೆಸರು ಒಂದೇ, ಎರಡೂ 40 ಮಿಲಿಗ್ರಾಂ. ಆದರೆ ಬ್ರ್ಯಾಂಡಿನ ಸ್ಟ್ರಿಪ್‌ನಲ್ಲಿ 15 ಮಾತ್ರೆ, ಜೆನೆರಿಕ್‌ನಲ್ಲಿ 10. ಭಾಗಿಸಿದರೆ ಒಂದು 11 ರೂಪಾಯಿ, ಇನ್ನೊಂದು 9 ರೂಪಾಯಿ 80 ಪೈಸೆ. ಉಳಿದದ್ದು ಮಾತ್ರೆಗೆ ಒಂದೂಕಾಲು ರೂಪಾಯಿಯೂ ಅಲ್ಲ!

ಮರುದಿನ ಇನ್ನೊಂದು ಅಂಗಡಿಯಲ್ಲಿ ಅದೇ ಜೆನೆರಿಕ್ ಸ್ಟ್ರಿಪ್ ಅರ್ಧ ಬೆಲೆಗೆ, 49ಕ್ಕೆ ಸಿಕ್ಕಿತು. ಪರಿಚಯದ ಅಂಗಡಿಯವರೊಬ್ಬರು ನಕ್ಕು ತಮ್ಮ ಹೋಲ್‌ಸೇಲ್ ಬಿಲ್ ತೋರಿಸಿದರು. ತೆರಿಗೆ ಸೇರಿ ಅವರಿಗೆ ಬಿದ್ದದ್ದು 14 ರೂಪಾಯಿ. ಅಂದರೆ ಅರ್ಧಕ್ಕೆ ಕೊಟ್ಟರೂ 35 ರೂಪಾಯಿ ಲಾಭ, ಡಿಸ್ಕೌಂಟ್ ಕೇಳದವರಿಂದ 84. ಅಂಗಡಿಯವರನ್ನು ನಾನು ದೂರುವುದಿಲ್ಲ. ಎಂಆರ್‌ಪಿ ಅಚ್ಚು ಹಾಕಿದ್ದು ಕಂಪನಿ. ಅಂಗಡಿಗೆ ಹೆಚ್ಚು ಲಾಭ ಸಿಕ್ಕರೆ ತನ್ನ ಮಾಲೇ ಹೆಚ್ಚು ಓಡುತ್ತದೆ ಅಂತ ಅದಕ್ಕೆ ಗೊತ್ತು. ಅದಕ್ಕೇ ಆ ಅಂಕಿ ಮಾತ್ರೆಯ ಬೆಲೆ ನೋಡಿ ಹಾಕಿದ್ದಲ್ಲ, ಪಕ್ಕದ ಬ್ರ್ಯಾಂಡಿನ ಬೆಲೆ ನೋಡಿ ಹಾಕಿದ್ದು.

ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ, ಅದೇ ತೊಂದರೆ. 2013ರ ಔಷಧಿ ಬೆಲೆ ನಿಯಂತ್ರಣ ಆದೇಶದಲ್ಲಿ ಪಟ್ಟಿ ಮಾಡಿದ ಔಷಧಿಗಳಿಗಷ್ಟೇ ಗರಿಷ್ಠ ಬೆಲೆಯ ಮಿತಿ. ಉಳಿದವುಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ನಿಜ. ಮೊದಲ ದಿನವೇ 14ರ ಮಾಲಿಗೆ 98 ಅಂತ ಹಾಕಿದವರಿಗೆ ಏರಿಸುವ ಗರಜಾದರೂ ಏನು?

2019ರಲ್ಲಿ ಪಟ್ಟಿಯ ಹೊರಗಿದ್ದ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭಕ್ಕೆ ಸರ್ಕಾರವೇ ಶೇ 30ರ ಮಿತಿ ಹಾಕಿತ್ತು. ಆ ಲೆಕ್ಕ ಇಲ್ಲಿಗೂ ಬಂದರೆ ನಮ್ಮ ಸ್ಟ್ರಿಪ್‌ನ ಎಂಆರ್‌ಪಿ 20 ರೂಪಾಯಿ ದಾಟುವುದಿಲ್ಲ. ದಿನಾ ನುಂಗುವ ಬಿಪಿ, ಶುಗರ್, ಗ್ಯಾಸ್ಟ್ರಿಕ್ ಮಾತ್ರೆಗಳಿಂದಲಾದರೂ ಶುರು ಮಾಡಿ.

ಇನ್ನೊಂದು ಚಿಕ್ಕ ಬೇಡಿಕೆ. ಒಂದು ಮಾತ್ರೆಯ ಬೆಲೆಯನ್ನೂ ಅಚ್ಚು ಹಾಕಿಸಿ, ಪ್ರತಿ ಮಾತ್ರೆಯ ಹಿಂದೆಯೇ. ಈಗ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಎಂಆರ್‌ಪಿ ಇರುವ ಅಂಚು ಅಂಗಡಿಯಲ್ಲೇ ಉಳಿಯುತ್ತದೆ. ಕೈಯಲ್ಲಿ ಇರೋದು ಬರೀ ಬೆಳ್ಳಿ ಹಾಳೆ.

ಇಂತಿ,
ತಿಂಗಳಿಗೆ 30 ಮಾತ್ರೆ ಕೊಳ್ಳುವ ಒಬ್ಬ ಮಗ