ಪ್ಯಾಕೆಟ್ಟಿಗೆ ಎರಡು ರೂಪಾಯಿ ಜಾಸ್ತಿ ಮಾಡಿದ್ದು ಯಾಕೆ

ಪ್ರಿಯ ಗ್ರಾಹಕರೇ,

ಈ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಬ್ರೆಡ್, ಬನ್, ರಸ್ಕ್ ಎಲ್ಲಕ್ಕೂ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿದೆ. ಅಂಗಡಿಯವರಿಗೆ ಮೊದಲೇ ತಿಳಿಸಿದ್ದೆವು, ನಿಮಗೆ ತಿಳಿಸಲಿಲ್ಲ. ಅದು ನಮ್ಮ ತಪ್ಪು, ಕ್ಷಮಿಸಿ. ಬೆಲೆ ಏರಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಕೆಲಸದವರ ಬೇಸಿಕ್ ಸಂಬಳವನ್ನು 12,000ದಿಂದ 14,000ಕ್ಕೆ ಏರಿಸಿದ್ದೇವೆ. ಬೆಲೆ ಏರಿದ್ದು ಅದಕ್ಕೇ.

ಬದಿಯಡ್ಕ ಪೇಟೆಯಲ್ಲಿ, ಮುಳ್ಳೇರಿಯದಲ್ಲಿ, ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲೂ ಕೇಳಿದ್ದು ಒಂದೇ ಮಾತು: "ನಿಮ್ಮ ಕೆಲಸದವರ ಹತ್ರ ವಿಚಾರಿಸಿದೆವು. ಕೈಗೆ ಜಾಸ್ತಿ ಬಂದದ್ದು 1,745 ರೂಪಾಯಿ ಅಂತೆ. 2,000 ಅಂತ ನೀವು ಸುಮ್ನೆ ಹೇಳೋದಲ್ವಾ?"

ಅಲ್ಲ ಮಾರಾಯ್ರೇ. ಅವರು ಹೇಳಿದ್ದೂ ನಿಜ, ನಾವು ಹೇಳಿದ್ದೂ ನಿಜ. ಆ 2,000ದಲ್ಲಿ ಅವರ ಪಾಲಿನ ಪಿಎಫ್ ನೂರಕ್ಕೆ 12ರಂತೆ 240 ರೂಪಾಯಿ, ಇಎಸ್‌ಐ 15 ರೂಪಾಯಿ ಹಿಡಿಯುತ್ತೇವೆ. ಉಳಿದದ್ದು 1,745. ಪಿಎಫ್ ಅವರ ಹೆಸರಿನಲ್ಲೇ ಇರುವ ದುಡ್ಡು, ನಮ್ಮ ಕಿಸೆಗೆ ಬರುವುದಿಲ್ಲ.

ನಮ್ಮ ಕೈಯಿಂದ ಹೋಗುವುದು 2,000 ಕೂಡ ಅಲ್ಲ. ನಮ್ಮ ಪಾಲಿನ ಪಿಎಫ್ ಬೇರೆ 240 ಕಟ್ಟಬೇಕು. ಅದರ ಜೊತೆಗೆ ಪಿಎಫ್‌ನವರ ಇನ್ಶೂರೆನ್ಸಿಗೆ 10, ಆಡಳಿತ ಖರ್ಚಿಗೆ 10. ಇಎಸ್‌ಐಗೆ ನಮ್ಮದು ನೂರಕ್ಕೆ ಮೂರೂಕಾಲು, ಅಂದರೆ 65. ಓಣಂ ಮೊದಲು ಕೊಡುವ ಬೋನಸ್ಸು ಕಡಿಮೆ ಎಂದರೂ 8.33 ಶೇಕಡಾ. ಅದನ್ನು ಪೂರ್ತಿ ಬೇಸಿಕ್ ಮೇಲೆ ಲೆಕ್ಕ ಹಾಕಬೇಕೆಂದು ಕಾನೂನಿನಲ್ಲಿಲ್ಲ, ಒಂದು ಮಿತಿ ಇದೆ. ನಾವು ಹಿಂದಿನಿಂದಲೂ ಪೂರ್ತಿಗೇ ಕೊಡುತ್ತಾ ಬಂದವರು. ಹಾಗಾಗಿ ತಿಂಗಳಿಗೆ 167 ಎತ್ತಿಡಬೇಕು. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿಗೆ 96. ಎಲ್ಲ ಕೂಡಿದರೆ ಒಬ್ಬರಿಗೆ 2,588 ರೂಪಾಯಿ. ನಮ್ಮಲ್ಲಿ 22 ಜನ ಇದ್ದಾರೆ, ತಿಂಗಳಿಗೆ ಸುಮಾರು 57,000 ಆಯ್ತು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೋ ಏನೋ. ನಿದ್ದೆ ಕೆಡಿಸಿದ್ದು ಹಳೆಯ ಗ್ರಾಚ್ಯುಟಿ. ಸರ್ವೀಸಿನ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಕೊಡಬೇಕು. ತಿಂಗಳಿಗೆ 26 ದಿನ ಎಂದು ಲೆಕ್ಕ. ಆದರೆ ಯಾವ ಸಂಬಳ? ಆಯಾ ವರ್ಷದ್ದಲ್ಲ, ಕೆಲಸ ಬಿಡುವಾಗಿನ ಕೊನೆಯ ಸಂಬಳ. ಅಂದರೆ ಇವತ್ತು ಏರಿಸಿದ 2,000 ಹಿಂದೆ ದುಡಿದ ವರ್ಷಗಳಿಗೂ ಅಂಟಿಕೊಳ್ಳುತ್ತದೆ.

ನಮ್ಮ ಭಟ್ಟಿಯ ಹತ್ತಿರ 18 ವರ್ಷದಿಂದ ಇರುವವರನ್ನು ನಿಮಗೆ ಗೊತ್ತು, ಬೆಳಿಗ್ಗೆ ಬಿಸಿ ಬನ್ ಕೊಡುವವರು ಅವರೇ. ಕಳೆದ ತಿಂಗಳು ಬಿಟ್ಟಿದ್ದರೆ ಅವರಿಗೆ ಸುಮಾರು 1,24,600 ಕೊಡಬೇಕಿತ್ತು. ಈ ತಿಂಗಳು ಬಿಟ್ಟರೆ 1,45,400. ಒಂದು ದಿನ ಜಾಸ್ತಿ ದುಡಿಯದೆಯೂ 20,800ರಷ್ಟು ಏರಿತು. ಐದು ವರ್ಷ ದಾಟಿದವರು ನಮ್ಮಲ್ಲಿ 14 ಜನ, ಅವರೆಲ್ಲರ ಸರ್ವೀಸು ಕೂಡಿಸಿದರೆ 170 ವರ್ಷ. ಅದಕ್ಕೇ 1.96 ಲಕ್ಷ ಹೊಸ ಸಾಲ ನಮ್ಮ ತಲೆ ಮೇಲೆ. ಅದು ಅವರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿಡುತ್ತೇವೆ.

"ಬೇಸಿಕ್‌ಗೆ ಸೇರಿಸದೆ ಅಲವೆನ್ಸ್ ಅಂತ ಕೊಡಬಹುದಿತ್ತಲ್ಲ?" ಎಂದು ಲೆಕ್ಕ ಗೊತ್ತಿದ್ದ ಒಬ್ಬರು ಕೇಳಿದರು. ಎಲ್ಲರಿಗೂ ಒಂದೇ ರೀತಿ ಕೊಡುವ ಅಲವೆನ್ಸನ್ನು ಪಿಎಫ್ ಲೆಕ್ಕಕ್ಕೆ ಸೇರಿಸಬೇಕೆಂದು 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅಲ್ಲಿ ಉಳಿತಾಯ ಇಲ್ಲ. ಉಳಿಸಲು ನೋಡಬಹುದಾದದ್ದು ಬೋನಸ್ಸಿನಲ್ಲಿ, ಗ್ರಾಚ್ಯುಟಿಯಲ್ಲಿ. ಆ ಭಟ್ಟಿಯ ಹತ್ತಿರ ನಿಂತವರ ದುಡ್ಡಿನಲ್ಲಿ ಉಳಿಸುವುದು ನಮಗೆ ಬೇಡ.

ಈಗ ನಿಮ್ಮ ಎರಡು ರೂಪಾಯಿ. ಅದರಲ್ಲಿ 40 ಪೈಸೆ ಅಂಗಡಿಯವರ ಕಮಿಷನ್. ನಮಗೆ ಬರುವುದು 1.60. ತಿಂಗಳಿಗೆ 46,800 ಪ್ಯಾಕೆಟ್ ಹೋಗುತ್ತದೆ. ಸಂಬಳದ ಏರಿಕೆಗೂ ಹಳೆಯ ಗ್ರಾಚ್ಯುಟಿಗೂ ಸೇರಿ ಪ್ಯಾಕೆಟ್ಟಿಗೆ 1.39 ಬೇಕು. ಉಳಿಯುವ 21 ಪೈಸೆಯನ್ನು ಲಾಭ ಎಂದೇ ಕರೆಯಿರಿ, ಸುಳ್ಳು ಹೇಳುವುದಿಲ್ಲ. ಮಾರಾಟ ಕಡಿಮೆಯಾದರೆ ಅದೂ ಇಲ್ಲ.

ಬ್ರೆಡ್ಡಿನ ತೂಕ ಒಂದು ಗ್ರಾಂ ಕೂಡ ಇಳಿಸಿಲ್ಲ. ಅನುಮಾನ ಇದ್ದವರು ಅಂಗಡಿಯ ತಕ್ಕಡಿಯಲ್ಲೇ ಇಟ್ಟು ನೋಡಿ. ಲೆಕ್ಕ ನೋಡಬೇಕು ಎನಿಸಿದರೆ ಶನಿವಾರ ಮಧ್ಯಾಹ್ನದ ಮೇಲೆ ಬೇಕರಿಗೆ ಬನ್ನಿ. ಪುಸ್ತಕ ಮೇಜಿನ ಮೇಲೆ ಇರುತ್ತದೆ, ಚಾ ಕೂಡ ಇರುತ್ತದೆ.

ನಿಮ್ಮ ಬೇಕರಿಯವರು,
ಬದಿಯಡ್ಕ