ಐದು ಕಂಬಗಳ ಕತ್ತಲು

ಮಾನ್ಯರೇ,

ನಮ್ಮ ಬಡಾವಣೆಯ 1,200 ಮೀಟರ್ ರಸ್ತೆಯ ಒಂದು ಬದಿಗೆ 30 ಮೀಟರಿಗೊಂದರಂತೆ ಬೀದಿದೀಪ ಹಾಕಲು 40 ಕಂಬಗಳ ಅಂದಾಜುಪಟ್ಟಿ ಮಾಡಿದ್ದಾರೆ. ಆದರೆ 1,200ನ್ನು 30ರಿಂದ ಭಾಗಿಸಿದಾಗ ಬರುವ 40, ಕಂಬಗಳ ನಡುವಿನ ಅಂತರಗಳ ಲೆಕ್ಕ. ಎರಡೂ ತುದಿಗೆ ಕಂಬ ಬೇಕೆಂದರೆ 41 ಆಗುತ್ತದೆ. ನಾಲ್ಕು ಅಡ್ಡರಸ್ತೆಗಳು ಕೂಡುವಲ್ಲಿ ಎದುರು ಬದಿಗೆ ಒಂದೊಂದು ಹೆಚ್ಚುವರಿ ಕಂಬ ಸೇರಿಸಿದರೆ 45. ಈ ಐದು ಕಂಬ ಪಟ್ಟಿಯಲ್ಲೇ ಇಲ್ಲ.

ಕೊರತೆ ತುಂಬಲು ಸಾಲಿನ ನಡುವಿನ ಒಂದು ಕಂಬ ಬಿಟ್ಟರೂ ಅಲ್ಲಿ ಅಂತರ 60 ಮೀಟರ್ ಆಗುತ್ತದೆ. ಹಾಲಿನ ಬೂತಿನ ಮುಂದೆ ಈಗಾಗಲೇ ಹೀಗಾಗಿದೆ. ನಸುಕಿನಲ್ಲಿ ಬರುವ ಹಿರಿಯರು ಮೊಬೈಲ್ ಬೆಳಕಿನಲ್ಲಿ ಒಡೆದ ಚರಂಡಿ ಚಪ್ಪಡಿ ದಾಟುತ್ತಿದ್ದಾರೆ. ಉಳಿದ ಗುಂಡಿ ತೋಡುವ ಮೊದಲೇ ಎಂಜಿನಿಯರರು ಸ್ಥಳಕ್ಕೆ ಬಂದು ಪಟ್ಟಿ ತಿದ್ದಲಿ.

– ಬಡಾವಣೆಯ ನಿವಾಸಿ