ಹಿಂಬದಿಯನ್ನೂ ತೆಗೆಯಿರಿ ಎಂದ ನಮ್ಮೂರ ವಾಚನಾಲಯಕ್ಕೆ

ಕಳೆದ ಭಾನುವಾರ ಮಧ್ಯಾಹ್ನ ಕೊನೆಯ ಹಾಳೆಯನ್ನು ಟೈಪ್ ಮಾಡಿ ಮುಗಿಸಿದೆ. ನಮ್ಮ ಮನೆಯ ಜಮೀನಿನ 64 ಹಳೆ ಕಾಗದಪತ್ರ, ಒಂದು ಕಡತ. ಹದಿನಾಲ್ಕು ತಿಂಗಳು ಹಿಡಿಯಿತು. ಈ ಬರಹ ನಮ್ಮೂರ ವಾಚನಾಲಯದ ಲೈಬ್ರರಿ ಮೇಡಂ, ಸಮಿತಿಯ ಹಿರಿಯರು ಮತ್ತು ನನಗೆ ಹಳೆ ಲೆಕ್ಕ ಓದಲು ಕಲಿಸಿದ ಮೇಷ್ಟ್ರಿಗೆ. ಅವರಿಗೆ ಎದುರಿಗೇ ಹೇಳಿದ್ದೇನೆ. ಆದರೂ ಎಲ್ಲರೂ ಓದುವ ಜಾಗದಲ್ಲಿ ಒಮ್ಮೆ ಬರೆಯಬೇಕು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. 2019ರ ಆಗಸ್ಟ್ ಮಳೆ ಇಲ್ಲಿ ಯಾರಿಗೂ ಮರೆತಿಲ್ಲ. ಆ ವಾರ ನಮ್ಮ ಮನೆಯ ಅಟ್ಟ ಸೋರಿತು. ಅಲ್ಲಿದ್ದ ಟ್ರಂಕಿನಲ್ಲಿ ಜಮೀನಿನ ಹಳೆ ಕಾಗದಗಳಿದ್ದವು. ಹದಿನೈದು ದಿನ ಬಿಟ್ಟು ತೆಗೆದು ನೋಡಿದರೆ ಅರ್ಧ ಮುದ್ದೆಯಾಗಿತ್ತು, ಉಳಿದದ್ದಕ್ಕೆ ಒರಲೆ ಹತ್ತಿತ್ತು. ಅಪ್ಪ ಒಂದು ಮಾತೂ ಆಡದೆ ಟ್ರಂಕ್ ಮುಚ್ಚಿದರು. ಆಗ ಅತ್ತೆಗೆ ನೆನಪಾಯಿತು, ಅಜ್ಜ 1978ರಲ್ಲಿ ತಮ್ಮ ಪುಸ್ತಕಗಳ ಜೊತೆ ಒಂದು ಮರದ ಪೆಟ್ಟಿಗೆಯನ್ನೂ ವಾಚನಾಲಯಕ್ಕೆ ಕೊಟ್ಟಿದ್ದರು ಅಂತ. ಹೋಗಿ ಕೇಳಿದರೆ ಪೆಟ್ಟಿಗೆ ಹಾಗೇ ಇತ್ತು. ಬೀರುವಿನ ಮೇಲಿನ ಖಾನೆಯಲ್ಲಿ, ಬೇವಿನ ಎಲೆ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನಲವತ್ತು ವರ್ಷ ಯಾರೂ ಕೇಳದ ಪೆಟ್ಟಿಗೆಗೆ ವರ್ಷ ವರ್ಷ ಹೊಸ ಬೇವಿನ ಎಲೆ ಹಾಕಿದವರು ಯಾರೋ, ಅವರಿಗೆ ನನ್ನ ಮೊದಲ ನಮಸ್ಕಾರ.

ಆಮೇಲೆ ನಾನೊಂದು ಅರ್ಜಿ ಬರೆದೆ. ನಾಲ್ಕೇ ಸಾಲು. "ನಮ್ಮ ಕುಟುಂಬದ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಕೊಳ್ಳಲು ದಯವಿಟ್ಟು ಅನುಮತಿ ನೀಡಬೇಕು." ಮೂರು ವಾರ ಉತ್ತರ ಬರಲಿಲ್ಲ. ಹೋಗಿ ವಿಚಾರಿಸಿದಾಗ ಮೇಡಂ ನನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟು ಕೇಳಿದರು: "ಎಷ್ಟು ಹಾಳೆ? ಎಲ್ಲಿ ಕೂತು ಮಾಡ್ತೀರಿ? ಯಂತ್ರ ಯಾವುದು? ಫೋಟೋ ಆಮೇಲೆ ಎಲ್ಲಿಗೆ ಹೋಗತ್ತೆ? ಇದ್ಯಾವುದೂ ಇದರಲ್ಲಿಲ್ಲ. ಸಮಿತಿಗೆ ನಾನು ಏನಂತ ಹೇಳಲಿ?"

ಅವರ ಹಿಂಜರಿಕೆಗೆ ಕಾರಣ ಇತ್ತು. ಹಿಂದೆ ಒಬ್ಬರು ನೋಡಿ ಕೊಡುತ್ತೇನೆಂದು ಕಾಗದ ಒಯ್ದವರು ವಾಪಸ್ ತಂದಿರಲಿಲ್ಲ. ಇನ್ನೊಂದು ಕಾರಣ ಜಮೀನಿನದೇ. ನಮ್ಮ ಮನೆಯ ಕಾಗದ ಅಂದರೆ ಬರೀ ನಮ್ಮ ಮನೆಯದಲ್ಲ. ಅದರಲ್ಲಿ ಸಾಲ ಪಡೆದವರು, ಗದ್ದೆ ಅಡವಿಟ್ಟವರು, ಚಕ್ಕುಬಂದಿಯಲ್ಲಿ ಬರುವ ನಾಲ್ಕು ದಿಕ್ಕಿನ ನೆರೆಯವರು, ಎಲ್ಲರ ಹೆಸರೂ ಇರುತ್ತದೆ. ಅವರ ಮೊಮ್ಮಕ್ಕಳು ಇವತ್ತೂ ಅದೇ ಊರಲ್ಲಿದ್ದಾರೆ. ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋದರೆ ಸುಮ್ನೆ ಜಗಳಕ್ಕೆ ದಾರಿ, ಅಲ್ವಾ?

ಎರಡನೇ ಅರ್ಜಿಯನ್ನು ಎರಡು ದಿನ ಕೂತು ಬರೆದೆ. ಮೊದಲು ಮೇಡಂ ಎದುರಲ್ಲೇ ಹಾಳೆ ಎಣಿಸಿ, ಪೆನ್ಸಿಲಿನಲ್ಲಿ ಪಟ್ಟಿ ಮಾಡಿದೆ. ಕ್ರಯಪತ್ರ ಎಷ್ಟು, ಭೋಗ್ಯಪತ್ರ ಎಷ್ಟು, ಗೇಣಿ ಚೀಟಿ ಎಷ್ಟು, ಕಂದಾಯ ರಸೀದಿ ಎಷ್ಟು. ಅರ್ಜಿಯ ಮುಖ್ಯ ಭಾಗ ಹೀಗಿತ್ತು:

"ಲಗತ್ತಿಸಿದ ಪಟ್ಟಿಯ 64 ಹಾಳೆ ಮತ್ತು ಒಂದು ಕಡತಕ್ಕೆ ಮಾತ್ರ ಈ ಕೋರಿಕೆ. ಯಾವುದೂ ವಾಚನಾಲಯದ ಹೊಸಿಲು ದಾಟುವುದಿಲ್ಲ. ಸಿಬ್ಬಂದಿ ಇರುವ ಹೊತ್ತಿನಲ್ಲಿ, ಓದುವ ಕೋಣೆಯ ಮೇಜಿನ ಮೇಲೆ ಮಾಡುತ್ತೇನೆ. ಮಡಿಕೆ ಸೀಳಿದ ಹಾಳೆಗೂ ಕಡತಕ್ಕೂ ಸ್ಕ್ಯಾನರ್ ಬಳಸುವುದಿಲ್ಲ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಫೋಟೋ ತೆಗೆಯುತ್ತೇನೆ. ಎಲ್ಲ ಫೋಟೋಗಳ ಒಂದು ಪ್ರತಿ ಮತ್ತು ಟೈಪ್ ಮಾಡಿದ ನಕಲು ವಾಚನಾಲಯಕ್ಕೆ ಸೇರುತ್ತದೆ. ಬೇರೆ ಮನೆತನದ ಹೆಸರಿರುವ ಪತ್ರವನ್ನು ಆ ಮನೆಯವರಿಗೆ ತೋರಿಸದೆ ಎಲ್ಲೂ ಹಾಕುವುದಿಲ್ಲ."

ಒಂದೇ ವಾರದಲ್ಲಿ ಒಪ್ಪಿಗೆ ಬಂತು. ಅರ್ಜಿಯ ಅಂಚಿನಲ್ಲಿ ಮೇಡಂ ಹಸಿರು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು: "ಪ್ರತಿ ಹಾಳೆಯ ಎರಡೂ ಮುಖ ತೆಗೆಯತಕ್ಕದ್ದು. ಖಾಲಿ ಇದ್ದರೂ." ನಾನು ಎದುರುಬದಿ ಮಾತ್ರ ಲೆಕ್ಕ ಹಾಕಿದ್ದೆ. ಕೆಲಸ ಎರಡರಷ್ಟಾಯಿತಲ್ಲ ಅಂತ ಆವತ್ತು ಸ್ವಲ್ಪ ಬೇಜಾರಾಯಿತು. ಈ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಡತದ ಬಗ್ಗೆ ಸ್ವಲ್ಪ ಹೇಳಬೇಕು, ಎಷ್ಟೋ ಜನ ನೋಡಿರಲಿಕ್ಕಿಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪು ಹಲಗೆಯ ಹಾಗೆ ಮಾಡಿ, ಮಡಚಿ ಮಡಚಿ ಪುಸ್ತಕ ಮಾಡುತ್ತಿದ್ದರು. ಬಳಪದಲ್ಲಿ ಬರೆಯುವುದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಕಷ್ಟ ಇರುವುದೂ ಅಲ್ಲೇ. ಒರೆಸಿದರೆ ಹೋಗುವ ಅಕ್ಷರವನ್ನು ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಅರ್ಧ ಬರಹ ಗಾಜಿಗೆ ಅಂಟಿಕೊಂಡು ಬರುತ್ತದೆ. ಹಾಗಾಗಿ ಕ್ಯಾಮೆರಾವೇ ಗತಿ.

ಮೊದಲ ದಿನದ ಫೋಟೋಗಳೆಲ್ಲ ಹಾಳಾದವು. ಕಪ್ಪು ಬಟ್ಟೆ ನೋಡಿ ಕ್ಯಾಮೆರಾ ಕತ್ತಲೆ ಅಂದುಕೊಂಡು ತಾನೇ ಬೆಳಕು ಹೆಚ್ಚಿಸಿಕೊಂಡಿತ್ತು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ, ಬಳಪದ ಗೆರೆ ಹರಡಿ, ಒಂದಕ್ಷರ ಇನ್ನೊಂದಕ್ಕೆ ಮೆತ್ತಿಕೊಂಡಿತ್ತು. ಕ್ಯಾಮೆರಾದಲ್ಲಿ ಬೆಳಕನ್ನು ಒಂದು ಮೆಟ್ಟಿಲು ಇಳಿಸಿ, ಎಡಬದಿಯ ಕಿಟಕಿಯೊಂದನ್ನೇ ತೆರೆದಿಟ್ಟು ತೆಗೆದ ಮೇಲೆ ಸರಿಯಾಯಿತು. ಮನೆಯಲ್ಲಿ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ನೋಡಿದರೆ ಕಾಗದದ ಮೇಲೆ ಶಾಯಿಯಲ್ಲಿ ಬರೆದ ಹಾಗೆ ಕಾಣುತ್ತಿತ್ತು. ಪ್ರತಿ ಫೋಟೋದಲ್ಲೂ ಪಕ್ಕದ ಮಡಿಕೆಯ ಎರಡು ಸಾಲು ಸೇರಿಸಿಕೊಂಡೆ. ಯಾವುದರ ಮುಂದೆ ಯಾವುದು ಅನ್ನುವ ಗೊಂದಲ ಬರಲಿಲ್ಲ.

ಓದುವುದು ಬೇರೆಯದೇ ಕಷ್ಟ. ಶಾನುಭೋಗರ ಬರಹದಲ್ಲಿ ಪದಗಳ ನಡುವೆ ಜಾಗವಿಲ್ಲ. ನಾನು ಟೈಪ್ ಮಾಡಿದ್ದನ್ನು ನೋಡದೆ ನನ್ನ ಅಕ್ಕನ ಮಗಳು ಬೇರೆಯಾಗಿ ಟೈಪ್ ಮಾಡುತ್ತಿದ್ದಳು. ಇಬ್ಬರದೂ ಬೇರೆ ಬೇರೆ ಬಂದ ಕಡೆ ಮತ್ತೆ ಫೋಟೋ ನೋಡುವುದು. ಓದಲು ಆಗದ್ದನ್ನು ಊಹಿಸಿ ತುಂಬಬಾರದು, ಚೌಕ ಕಂಸದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬಿಡಬೇಕು ಅಂತ ಮೇಷ್ಟ್ರು ಕಟ್ಟುನಿಟ್ಟು ಮಾಡಿದ್ದರು. ಒಂದು ಕಡೆ ಅವಳು ಬಂದು ಕೇಳಿದಳು, "ಮಾವ, ಗದ್ದೆಗೆ ಎಂತಕ್ಕೆ ಶಿಸ್ತು?" ಶಿಸ್ತು ಅಂದರೆ ಇಲ್ಲಿ ಕಂದಾಯ. ಕೆಳದಿಯ ಶಿವಪ್ಪ ನಾಯಕ ಜಮೀನು ಅಳೆಸಿ ಗೊತ್ತುಮಾಡಿದ ತೆರಿಗೆಗೆ ಅದೇ ಹೆಸರು. ನಮ್ಮ ಕಡೆಯ ಕಾಗದಗಳಲ್ಲಿ ಆ ಪದ ತುಂಬ ಕಾಲ ಉಳಿದಿತ್ತು.

ಇಬ್ಬರೂ ಒಟ್ಟಿಗೇ ತಪ್ಪಿದ್ದು ಲೆಕ್ಕದಲ್ಲಿ. ಕಡತದ ಒಂದು ಪುಟದಲ್ಲಿ ಮೂರು ಸಲ ಹಣ ಸಂದಾಯವಾದ ಲೆಕ್ಕವಿತ್ತು. ನಾವು ಓದಿದ್ದು ನಾಲ್ಕು, ಮೂರು, ಐದು ರೂಪಾಯಿ. ಕೂಡಿದರೆ ಹನ್ನೆರಡು. ಆದರೆ ಕೆಳಗೆ ಮೊತ್ತ ಹದಿಮೂರು ಅಂತ ಬರೆದಿತ್ತು. ಶಾನುಭೋಗರೇ ತಪ್ಪು ಕೂಡಿದ್ದಾರೆ ಅಂದುಕೊಂಡು ಅಡಿಟಿಪ್ಪಣಿ ಕೂಡ ಬರೆದೆ. ಮೇಷ್ಟ್ರು ಫೋಟೋ ನೋಡಿ, "ಅಂಕಿ ಮುಂದೆ ಇರುವ ಗೆರೆಗಳನ್ನ ಎಲ್ಲಿ ಬಿಟ್ಟೆ ಮಾರಾಯ?" ಅಂದರು. ನಾನು ಅವನ್ನು ಪೂರ್ಣವಿರಾಮ ಅಂದುಕೊಂಡಿದ್ದೆ. ಅಲ್ಲಿದ್ದದ್ದು ೪।, ೩॥, ೫। ಅಂತ. ಒಂದು ನಿಂತ ಗೆರೆ ಅಂದರೆ ಕಾಲು, ಅಂದರೆ ನಾಲ್ಕಾಣೆ. ಎರಡು ಗೆರೆ ಅಂದರೆ ಅರ್ಧ, ಎಂಟಾಣೆ. ನಾಲ್ಕೂಕಾಲು, ಮೂರೂವರೆ, ಐದೂಕಾಲು. ಕೂಡಿದರೆ ಸರಿಯಾಗಿ ಹದಿಮೂರು. ನೂರಕ್ಕೂ ಜಾಸ್ತಿ ವರ್ಷದ ಹಿಂದಿನ ಆ ಶಾನುಭೋಗರ ಕ್ಷಮೆ ಕೇಳಬೇಕು ಅನ್ನಿಸಿತು. ಅಲ್ಲಿಂದ ಮುಂದೆ ಮೊತ್ತ ಇರುವ ಪ್ರತಿ ಪುಟವನ್ನೂ ಕೂಡಿ ನೋಡಿದ ಮೇಲೆಯೇ ಮುಗಿಯಿತು ಅನ್ನುತ್ತಿದ್ದೆ.

ಈಗ ಆ ಹಸಿರು ಶಾಯಿಯ ಸಾಲಿಗೆ ಬರುತ್ತೇನೆ.

ಪಟ್ಟಿಯಲ್ಲಿ 37ನೇದು ಒಂದು ಭೋಗ್ಯಪತ್ರ. ಹೊಳೆಬದಿಯ ಎರಡೂವರೆ ಖಂಡುಗ ಬಿತ್ತುವಳಿಯ ಗದ್ದೆಯನ್ನು ನೆರೆಮನೆಯವರು ನಮ್ಮ ಮುತ್ತಜ್ಜನ ಅಪ್ಪನಿಗೆ 275 ರೂಪಾಯಿಗೆ ಬರೆದುಕೊಟ್ಟದ್ದು. ಹನ್ನೆರಡು ವರ್ಷದ ಗಡುವು. ಭೋಗ್ಯದಲ್ಲಿ ಬಡ್ಡಿ ಇಲ್ಲ, ಬಡ್ಡಿಯ ಬದಲು ಗದ್ದೆಯ ಬೆಳೆ ಸಾಲ ಕೊಟ್ಟವನಿಗೆ. ಅಸಲು ತೀರಿಸಿದರೆ ಗದ್ದೆ ವಾಪಸ್. ಇಸವಿ ಇರಲಿಲ್ಲ, ಮನ್ಮಥ ಸಂವತ್ಸರ ಅಂತ ಮಾತ್ರ ಇತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1835 ಆಗಬಹುದು, 1895 ಆಗಬಹುದು, 1955 ಆಗಬಹುದು. ಪತ್ರದಲ್ಲಿ ಸರ್ವೆ ನಂಬರು ಇದೆ. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾದದ್ದು 1860ರ ದಶಕದಲ್ಲಿ, ಹಾಗಾಗಿ 1835 ಅಲ್ಲ. ಬರೆಸಿಕೊಂಡವರು 1955ಕ್ಕೆ ಬದುಕಿರಲಿಲ್ಲ. ಉಳಿದದ್ದು 1895.

ನಮ್ಮೂರಲ್ಲಿ ಆ ಗದ್ದೆಯ ಬಗ್ಗೆ ಒಂದು ಮಾತಿದೆ. ನಮ್ಮವರು ಅದನ್ನು ಸಾಲಕ್ಕೆ ನುಂಗಿದ್ದರು, ಆಮೇಲೆ ಜಗಳವಾಗಿ ಬಿಟ್ಟುಕೊಟ್ಟರು ಅಂತ. ಎರಡು ಮನೆಯವರೂ ಇದನ್ನು ನಂಬಿದ್ದೆವು. ಮದುವೆ ಮನೆಯಲ್ಲಿ ಎದುರಾದರೂ ಮಾತು ಕಡಿಮೆ.

ಹಾಳೆ ತಿರುಗಿಸಿದೆ. ಖಾಲಿ ಅಂತಲೇ ಪಟ್ಟಿಯಲ್ಲಿ ಬರೆದಿದ್ದೆ. ಬರಿಗಣ್ಣಿಗೆ ಕಂದು ಕಲೆ ಅಷ್ಟೇ. ಮೇಡಂ ಬರೆದಿದ್ದಾರಲ್ಲ ಅಂತ ಫೋಟೋ ತೆಗೆದೆ. ಮನೆಯಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ತೆಗೆದು, ಕಪ್ಪನ್ನು ಗಾಢ ಮಾಡಿದಾಗ ಮೂರು ಸಾಲು ಎದ್ದು ಬಂತು. "ಪ್ಲವಂಗ ಸಂವತ್ಸರ... ಸದರಿ ಭೋಗ್ಯದ ಅಸಲು ಪೂರಾ ಸಂದಾಯವಾಗಿ ಗದ್ದೆ ಬಿಟ್ಟುಕೊಟ್ಟಿದೆ." ಕೆಳಗೆ ಇಬ್ಬರು ಸಾಕ್ಷಿಗಳು. ಪ್ಲವಂಗ ಅಂದರೆ 1907. ಸರಿಯಾಗಿ ಹನ್ನೆರಡು ವರ್ಷ. ಜಗಳದ ಸುದ್ದಿಯೇ ಇಲ್ಲ. ಅವರು ಹೇಳಿದ ಗಡುವಿಗೆ ತೀರಿಸಿದ್ದಾರೆ, ನಮ್ಮವರು ಹೇಳಿದ ಗಡುವಿಗೆ ಬಿಟ್ಟಿದ್ದಾರೆ.

ಈ ಫೋಟೋವೇ ಕೋರ್ಟಿಗೆ ಹೋಗುವ ದಾಖಲೆಯಲ್ಲ, ಅದು ನನಗೆ ಗೊತ್ತು. ಮೂಲ ಹಾಳೆ ವಾಚನಾಲಯದ ಪೆಟ್ಟಿಗೆಯಲ್ಲೇ, ಪಟ್ಟಿಯ ಅದೇ ನಂಬರಿನಲ್ಲಿ ಇದೆ. ಯಾರು ಇಟ್ಟುಕೊಂಡಿದ್ದರು, ಎಲ್ಲಿಂದ ಬಂತು ಅಂತ ಕೇಳಿದರೆ ವಾಚನಾಲಯದ ದಾಖಲೆ ಪುಸ್ತಕ ಹೇಳುತ್ತದೆ. ಅದಕ್ಕೇ ಹೊಸಿಲು ದಾಟದ ಷರತ್ತು ಸರಿಯಾಗಿತ್ತು.

ಅರ್ಜಿಯಲ್ಲಿ ಮಾತು ಕೊಟ್ಟ ಹಾಗೆ ಆ ಮನೆಗೆ ಹೋದೆ. ಹೋಗಲು ಧೈರ್ಯ ಸಾಲದೆ ಎರಡು ವಾರ ತಡ ಮಾಡಿದ್ದೆ. ಮನೆಯ ಅಜ್ಜಿಗೆ ಕಣ್ಣು ಮಂಜು. ಮೂರು ಸಾಲನ್ನು ನಾನೇ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಎದುರುಬದಿಯ ಕೆಳಗೆ, ಹೆಸರಿನ ಪಕ್ಕದಲ್ಲಿ ಏನೋ ಚಿತ್ರ ಇದೆಯಲ್ಲ, ಅದೇನು ಅಂತ ಕೇಳಿದರು. ಓದು ಬರಹ ಬಾರದ ಅವರ ಮಾವನ ಅಪ್ಪ ಸಹಿಯ ಬದಲು ಬರೆದ ನೇಗಿಲಿನ ಗುರುತು ಅದು. ಅಜ್ಜಿ ಪ್ರಿಂಟಿನ ಮೇಲೆ ಆ ನೇಗಿಲನ್ನು ಬೆರಳಲ್ಲಿ ಸವರಿದರು.

"ಹೊಳೆಬದಿ ಗದ್ದೆಯಲ್ಲಿ ಈ ಸಲವೂ ನಟ್ಟಿ ಆಗಿದೆ ಕಣೋ. ಇದರದ್ದೊಂದು ದೊಡ್ಡ ಪ್ರತಿ ಮಾಡಿಸಿಕೊಡು. ಕಾಫಿ ಕುಡಿದೇ ಹೋಗು," ಅಂದರು.

ಮೇಡಂ, ಮೇಷ್ಟ್ರೇ, ಸಮಿತಿಯ ಹಿರಿಯರೇ, ತುಂಬಾ ಧನ್ಯವಾದ. ದೊಡ್ಡ ಪ್ರತಿ ನಾಳೆ ಸಿಗುತ್ತದೆ. ಎರಡೂ ಮುಖದ್ದು ಮಾಡಿಸಿದ್ದೇನೆ.